ಸಾಗರದಿಂದ ನ್ಯೂಜೆರ್ಸಿಗೆ ಎಣ್ಣೆ, ಸೀಗೆಪುಡಿ

ಪ್ರಶ್ನೆ: ನಮ್ಮದು ಸಾಗರದ ಹತ್ತಿರದ ಹಳ್ಳಿ. ಮನೆಯಲ್ಲೇ ದಾಸವಾಳ-ಗರಗದ ಎಣ್ಣೆ, ಸೀಗೆಪುಡಿ, ಸ್ನಾನದ ಪುಡಿ, ಕಾಡಿಗೆ ಮಾಡಿ ಸುತ್ತಮುತ್ತ ಮಾರ್ತೀವಿ. ನ್ಯೂಜೆರ್ಸಿಯಲ್ಲಿರೋ ನಾದಿನಿ ಮತ್ತೆ ಅವಳ ಗೆಳತಿಯರು, ಒಟ್ಟು ನಾಲ್ಕು ಮನೆಯವರು ಕೇಳ್ತಿದ್ದಾರೆ. ಹೋದ ಸಲ ಕಳಿಸಿದ ಬಾಕ್ಸಿನಲ್ಲಿ ಎಣ್ಣೆ ಸೋರಿ ಪುಡಿಯೆಲ್ಲ ಅಂಟಾಗಿತ್ತು, ಕಾಡಿಗೆ ಕಸ್ಟಮ್ಸ್‌ನವರು ತೆಗೆದಿಟ್ಟುಕೊಂಡರಂತೆ. ಸರಿಯಾಗಿ ಕಳಿಸೋದು ಹೇಗೆ? ಖರ್ಚು ಎಷ್ಟು ಬೀಳುತ್ತೆ?

ಉತ್ತರ: ಮೊದಲು ಕಾಡಿಗೆಯನ್ನು ಪಟ್ಟಿಯಿಂದ ತೆಗೆದುಬಿಡಿ. ಅಮೆರಿಕದಲ್ಲಿ ಸೌಂದರ್ಯ ಸಾಮಗ್ರಿಗೆ ಹಾಕುವ ಬಣ್ಣ ಯಾವುದೇ ಇರಲಿ, ಅದು ಅಲ್ಲಿನ ಆಹಾರ-ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಪ್ಪಿದ ಬಣ್ಣಗಳ ಪಟ್ಟಿಯಲ್ಲಿ ಇರಲೇಬೇಕು. ಎಣ್ಣೆದೀಪದ ಮಸಿ ಆ ಪಟ್ಟಿಯಲ್ಲಿಲ್ಲ. ಅದರ ಜೊತೆಗೆ, ಕಲ್ಲಿನಿಂದ ಮಾಡುವ ಸುರ್ಮಾದಲ್ಲಿ ಸೀಸ ಸಿಕ್ಕಿರುವುದರಿಂದ ಏಷ್ಯಾದಿಂದ ಬರುವ ಕಣ್ಕಪ್ಪನ್ನು ಅವರು ಅನುಮಾನದಿಂದಲೇ ನೋಡುತ್ತಾರೆ. ನಿಮ್ಮದು ಅಪ್ಪಟ ಹರಳೆಣ್ಣೆ ದೀಪದ ಮಸಿಯೇ ಇರಬಹುದು. ಆದರೆ ತಪಾಸಣೆ ಮೇಜಿನ ಮುಂದೆ ನಿಂತವರಿಗೆ ಎರಡೂ ಒಂದೇ ಥರದ ಕಪ್ಪು ಡಬ್ಬಿ. ಕುಂಕುಮದ ಕಥೆಯೂ ಹೀಗೇ. ಮದರಂಗಿ ಪುಡಿಗೆ ಅನುಮತಿ ಉಂಟು, ಆದರೆ ತಲೆಗೂದಲಿಗೆ ಬಣ್ಣ ಹಚ್ಚುವುದಕ್ಕೆ ಮಾತ್ರ. ಡಬ್ಬಿಯ ಮೇಲೆ ಕೈಗೆ ಮೆಹೆಂದಿ ಹಾಕಿದ ಚಿತ್ರವಿದ್ದರೆ ಅದೇ ಪುಡಿಯನ್ನು ತಡೆಹಿಡಿಯಬಹುದು.

ನಿಮ್ಮ ಎಣ್ಣೆ ಮತ್ತು ಪುಡಿಗಳು ಹೋಗುತ್ತವೆ. ಹೋಗುವುದು ಅವುಗಳ ಮೇಲೆ ಏನು ಬರೆದಿದ್ದೀರಿ ಎಂಬುದನ್ನು ನೋಡಿಕೊಂಡು. ಇಲ್ಲಿ ಮಾರುವಾಗ ‘ಕೂದಲು ಉದುರುವುದು ನಿಲ್ಲುತ್ತದೆ, ಹೊಟ್ಟು ಹೋಗುತ್ತದೆ’ ಎಂದು ಬರೆಯುವುದು ನಮಗೆಲ್ಲ ರೂಢಿ. ಅಮೆರಿಕದ ಕಾನೂನಿನಲ್ಲಿ ಆ ಎರಡು ಮಾತೇ ನಿಮ್ಮ ಎಣ್ಣೆಯನ್ನು ಔಷಧಿ ಮಾಡಿಬಿಡುತ್ತವೆ. ಹೊಟ್ಟು ಹೋಗಿಸುವ ಸಾಮಗ್ರಿಗೆ ಅಲ್ಲಿ ಔಷಧಿಯ ನಿಯಮವೇ ಅನ್ವಯ. ಒಳಗಿನ ವಸ್ತು ಬದಲಾಗಬೇಕಿಲ್ಲ, ಹೇಳಿಕೆ ಸಾಕು. ‘ಕೂದಲಿಗೆ ಹೊಳಪು, ಮೃದುತನ’ ಎಂದಷ್ಟೇ ಇದ್ದರೆ ಅದು ಸೌಂದರ್ಯ ಸಾಮಗ್ರಿ. ‘ಆಯುರ್ವೇದಿಕ್ ಮೆಡಿಸಿನ್’ ಎಂಬ ಸೀಲೂ ಬೇಡ. ಬಾಟಲಿಯ ಲೇಬಲ್ ಒಂದನ್ನೇ ತಿದ್ದಿದರೆ ಸಾಲದು. ಬಾಕ್ಸಿನೊಳಗೆ ಹಾಕುವ ಕರಪತ್ರ, ವೆಬ್‌ಸೈಟ್ ಇದ್ದರೆ ಅದರಲ್ಲಿ ಬರೆದದ್ದು, ಎಲ್ಲವನ್ನೂ ಅವರು ಒಟ್ಟಾಗಿ ಓದಬಹುದು.

ಇನ್ನೊಂದು ಗೊಂದಲ ಸ್ನಾನದ ಪುಡಿಯದು. ಫಾರಂನಲ್ಲಿ ‘ಗ್ರಾಂ ಫ್ಲೋರ್’ ಅಥವಾ ‘ಹರ್ಬಲ್ ಪೌಡರ್’ ಎಂದು ಬರೆದರೆ ಓದಿದವರು ಅದನ್ನು ತಿನ್ನುವ ವಸ್ತು ಅಂದುಕೊಳ್ಳುತ್ತಾರೆ. ಆಹಾರ ಪದಾರ್ಥಕ್ಕೆ ಎಫ್‌ಡಿಎಗೆ ಮುಂಚಿತವಾಗಿ ‘ಪ್ರಯರ್ ನೋಟಿಸ್’ ಎಂಬ ಸೂಚನೆ ಕೊಡಬೇಕೆಂಬ ನಿಯಮವಿದೆ. ಅದಿಲ್ಲ ಎಂದು ಬಾಕ್ಸ್ ನಿಲ್ಲುತ್ತದೆ. ಸೌಂದರ್ಯ ಸಾಮಗ್ರಿಗೆ ಈ ನೋಟಿಸ್ ಬೇಕಿಲ್ಲ. ಆದ್ದರಿಂದ ಏನಿದೆ, ಯಾವುದಕ್ಕೆ, ಎಷ್ಟಿದೆ ಎಂಬ ಮೂರನ್ನೂ ಒಂದೇ ಸಾಲಿನಲ್ಲಿ ಹೇಳಬೇಕು. ಫಾರಂನ ಸಾಲುಗಳು ಹೀಗಿರಲಿ, ಇದರಲ್ಲಿ HS ಎಂದರೆ ಕಸ್ಟಮ್ಸ್‌ನವರು ವಸ್ತುವಿನ ಬಗೆಯನ್ನು ಗುರುತಿಸುವ ಸಂಖ್ಯೆ:

```
HAIR OIL, COCONUT OIL BASE, COSMETIC, EXTERNAL USE
4 x 200 ml    HS 330590    INR 1000
HAIR WASH POWDER (SHIKAKAI), COSMETIC, EXTERNAL USE
4 x 200 g     HS 330590    INR 480
```

ಎಂಟು ವಸ್ತುಗಳನ್ನು ಒಟ್ಟು ಮಾಡಿ ‘ಬ್ಯೂಟಿ ಐಟಮ್ಸ್’ ಎಂದು ಒಂದೇ ಸಾಲು ಗೀಚಬೇಡಿ. ಪೆಟ್ಟಿಗೆ ಒಡೆದು ನೋಡಿ ಎಂದು ಕರೆದ ಹಾಗಾಗುತ್ತದೆ ಅದು. ಸೀಗೆಕಾಯಿಯನ್ನು ಇಡಿಯಾಗಿ ಕಳಿಸುವುದೂ ಬೇಡ. ಬೀಜವಿರುವ ಕಾಯಿ ಎಂದರೆ ಕೃಷಿ ತಪಾಸಣೆಯವರ ಮೇಜಿಗೆ ಹೋಗುವಂಥದ್ದು, ಪುಡಿಗೆ ಆ ತಾಪತ್ರಯ ಕಡಿಮೆ. ಗೋಮೂತ್ರ, ಸಗಣಿ ಬಿದ್ದ ಸೋಪು ಅಥವಾ ಪುಡಿ ಇದ್ದರೆ ಈ ಬಾಕ್ಸಿಗೆ ಹಾಕಲೇಬೇಡಿ. ನಮ್ಮಲ್ಲಿ ದನಗಳಿಗೆ ಕಾಲುಬಾಯಿ ಜ್ವರ ಇರುವುದರಿಂದ ದನದಿಂದ ಬಂದ ಪದಾರ್ಥಗಳ ಮೇಲೆ ಅಲ್ಲಿ ಬಿಗಿ ನಿಯಮವಿದೆ.

ಬಾಟಲಿ, ಪೊಟ್ಟಣಗಳ ಲೇಬಲ್ ಇಂಗ್ಲಿಷಿನಲ್ಲೂ ಇರಬೇಕು. ವಸ್ತುವಿನ ಹೆಸರು, ನಿವ್ವಳ ತೂಕ ಅಥವಾ ಅಳತೆ (ಮಿಲಿ, ಗ್ರಾಂ ಜೊತೆಗೆ ಔನ್ಸಿನಲ್ಲೂ), ತಯಾರಿಸಿದವರ ಹೆಸರು-ವಿಳಾಸ, ಹಾಕಿರುವ ಪದಾರ್ಥಗಳನ್ನು ಹೆಚ್ಚು ಇರುವುದರಿಂದ ಕಡಿಮೆ ಇರುವುದಕ್ಕೆ ಇಳಿಸುತ್ತ ಬರೆಯಿರಿ. ‘ಗರಗ’, ‘ಒಂದೆಲಗ’ ಎಂದರೆ ಅಲ್ಲಿ ಯಾರಿಗೂ ತಿಳಿಯದು. ಸಸ್ಯದ ಲ್ಯಾಟಿನ್ ಹೆಸರನ್ನೂ ಸೇರಿಸಿ. ಗರಗ ಎಂದರೆ ಎಕ್ಲಿಪ್ಟಾ ಪ್ರೊಸ್ಟ್ರಾಟಾ, ಒಂದೆಲಗ ಎಂದರೆ ಸೆಂಟೆಲ್ಲಾ ಏಷಿಯಾಟಿಕಾ, ಸೀಗೆ ಎಂದರೆ ಅಕೇಶಿಯಾ ಕಾನ್ಸಿನಾ. ‘ಬ್ರಾಹ್ಮಿ’ ಎಂದು ಬರೆದರೆ ಒಂದು ಕಡೆ ಒಂದೆಲಗ, ಇನ್ನೊಂದು ಕಡೆ ಬಕೋಪಾ ಎಂಬ ಬೇರೆಯೇ ಗಿಡ ಎಂಬ ಅರ್ಥ ಬರುತ್ತದೆ. ಅದಕ್ಕೇ ಲ್ಯಾಟಿನ್ ಬೇಕಾಗುವುದು.

ಈಗ ದುಡ್ಡು ಪಡೆದು ಕಳಿಸುವುದೋ, ಉಡುಗೊರೆಯೋ ಎಂಬ ಪ್ರಶ್ನೆ. ಇದನ್ನು ತೀರ್ಮಾನಿಸದೆ ಮುಂದಿನ ಹೆಜ್ಜೆಯೇ ಇಲ್ಲ. ಅಮೆರಿಕಕ್ಕೆ 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಸುಂಕವಿಲ್ಲ ಎಂಬ ಮಾತನ್ನು ಇಂದಿಗೂ ಜನ ಹೇಳುತ್ತಾರೆ. ಆ ವಿನಾಯಿತಿ 2025ರ ಆಗಸ್ಟ್ 29ರಿಂದ ನಿಂತಿದೆ. ಆ ಹೊತ್ತಿನಲ್ಲಿ ನಮ್ಮ ಅಂಚೆ ಇಲಾಖೆ ಅಮೆರಿಕದ ಪಾರ್ಸೆಲ್ ಬುಕಿಂಗನ್ನೇ ನಿಲ್ಲಿಸಿ, ಅಕ್ಟೋಬರ್‌ನಲ್ಲಿ ಮತ್ತೆ ಶುರು ಮಾಡಿತು. ಆಗ ವಸ್ತುವಿನ ಬೆಲೆಯ ಮೇಲೆ 50% ಸುಂಕವನ್ನು ಕೌಂಟರಿನಲ್ಲೇ ಕಟ್ಟಿಸಿಕೊಂಡು ಕಳಿಸುವ ಏರ್ಪಾಡಾಯಿತು. ಸುಂಕದ ದರ ಆದೇಶದಿಂದ ಆದೇಶಕ್ಕೆ ಬದಲಾಗುವಂಥದ್ದು. ಆದ್ದರಿಂದ ಬುಕ್ ಮಾಡುವ ದಿನವೇ ಕೇಳಿ, ಪಕ್ಕದ ಮನೆಯವರು ಹೋದ ವರ್ಷ ಕಟ್ಟಿದ್ದನ್ನು ನಂಬಬೇಡಿ. ನಿಜವಾದ ಉಡುಗೊರೆಗೆ, ಅಂದರೆ ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ದುಡ್ಡು ಪಡೆಯದೆ ಕಳಿಸುವ 100 ಡಾಲರ್ ಒಳಗಿನ ಪಾರ್ಸೆಲ್‌ಗೆ, ಸುಂಕವಿಲ್ಲದ ಅನುಕೂಲ 2025ರ ಆ ಬದಲಾವಣೆಯಲ್ಲೂ ಉಳಿಯಿತು.

ನಾದಿನಿಗೆ ಹಬ್ಬಕ್ಕೆ ಎರಡು ಬಾಟಲಿ ಎಣ್ಣೆ ಕಳಿಸಿದರೆ ಅದು ಉಡುಗೊರೆ. ನಾಲ್ಕು ಮನೆಯವರು ಫೋನ್‌ನಲ್ಲಿ ದುಡ್ಡು ಹಾಕಿ ತರಿಸಿಕೊಂಡರೆ ಅದು ಮಾರಾಟ, ಬಾಕ್ಸಿನ ಮೇಲೆ ಏನೇ ಬರೆದರೂ ಅಷ್ಟೇ. ಒಂದೇ ಥರದ ಹನ್ನೆರಡು ಪೊಟ್ಟಣ ನೋಡಿದ ಅಧಿಕಾರಿಗೆ ಇದು ತಿಳಿಯುವುದು ಕಷ್ಟವಲ್ಲ. ಸುಳ್ಳು ಬರೆದು ಸಿಕ್ಕಿಬಿದ್ದರೆ ತೊಂದರೆ ಆ ಬಾಕ್ಸಿಗೇ ಮುಗಿಯುವುದಿಲ್ಲ, ಅದೇ ಹೆಸರಿನ ಮುಂದಿನ ಬಾಕ್ಸುಗಳನ್ನೂ ತೆರೆದು ನೋಡುತ್ತಾರೆ.

ಮಾರಾಟವೇ ಆದರೆ ನಮ್ಮ ಕಡೆಯ ಕಾಗದಗಳು ಹೀಗೆ. ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ನಿರ್ದೇಶನಾಲಯವಾದ ಡಿಜಿಎಫ್‌ಟಿಯ ವೆಬ್‌ಸೈಟಿನಲ್ಲಿ ₹500 ಕಟ್ಟಿದರೆ ಐಇಸಿ ಎಂಬ ರಫ್ತುದಾರರ ಸಂಖ್ಯೆ ಸಿಗುತ್ತದೆ, ಪ್ಯಾನ್ ಕಾರ್ಡ್ ಮತ್ತು ಬ್ಯಾಂಕ್ ಖಾತೆ ಇದ್ದರೆ ಸಾಕು. ಅಂಚೆಯಲ್ಲಿ ಕಳಿಸುವುದಾದರೆ ದೊಡ್ಡ ಅಂಚೆ ಕಚೇರಿಗಳಲ್ಲಿರುವ ‘ಡಾಕ್ ಘರ್ ನಿರ್ಯಾತ್ ಕೇಂದ್ರ’ದಲ್ಲಿ ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್ ತುಂಬಬೇಕು. ಅದನ್ನು ಮನೆಯಲ್ಲೇ ಕೂತು ಕಂಪ್ಯೂಟರ್‌ನಲ್ಲಿ ತುಂಬಿ, ಬಾಕ್ಸ್ ಮಾತ್ರ ಕೊಂಡೊಯ್ಯಬಹುದು. ಖಾಸಗಿ ಕೊರಿಯರ್‌ನಲ್ಲಾದರೆ ‘ಸಿಎಸ್‌ಬಿ-5’ ಎಂಬ ಬಿಲ್‌ನಲ್ಲಿ ಕಳಿಸಲು ಹೇಳಿ. ‘ಸಿಎಸ್‌ಬಿ-4’ ಸ್ಯಾಂಪಲ್ ಮತ್ತು ಉಡುಗೊರೆಗೆ. ಕೊರಿಯರ್ ಅಂಗಡಿಯವರು ಕೇಳದೆಯೇ ಅದರಲ್ಲಿ ಹಾಕಿಬಿಡುವುದುಂಟು. ಇನ್ನೊಂದು, ಮಾರುವುದಕ್ಕಾಗಿ ಸೌಂದರ್ಯ ಸಾಮಗ್ರಿ ತಯಾರಿಸಲು ನಮ್ಮ ದೇಶದಲ್ಲೇ 2020ರ ನಿಯಮದ ಪ್ರಕಾರ ರಾಜ್ಯದ ಔಷಧ ನಿಯಂತ್ರಣ ಇಲಾಖೆಯಿಂದ ಲೈಸೆನ್ಸ್ ಬೇಕು. ಮನೆಯ ಅಡುಗೆಮನೆಗೆ ಅದು ಸಿಗುವುದು ಕಷ್ಟ. ಲೈಸೆನ್ಸ್ ಇರುವ ಇನ್ನೊಂದು ಘಟಕದಲ್ಲಿ ನಿಮ್ಮ ಹೆಸರಿನಲ್ಲಿ ಮಾಡಿಸುವ ‘ಲೋನ್ ಲೈಸೆನ್ಸ್’ ದಾರಿ ಸಣ್ಣವರಿಗೆ ಹೆಚ್ಚು ಹೊಂದುತ್ತದೆ. ಕೊರಿಯರ್‌ನವರು ಇದರ ಪ್ರತಿ ಕೇಳುವುದಿದೆ.

ಅಮೆರಿಕದ ಕಡೆ ಘಟಕ ನೋಂದಣಿ, ಉತ್ಪನ್ನದ ಪಟ್ಟಿ ಸಲ್ಲಿಕೆ ಎಂಬ ಹೊಸ ನಿಯಮಗಳು 2022ರ ಕೊನೆಯ ಕಾಯ್ದೆಯಿಂದ ಬಂದಿವೆ. ಅಲ್ಲಿ ವರ್ಷಕ್ಕೆ ಸರಾಸರಿ 10 ಲಕ್ಷ ಡಾಲರ್‌ಗಿಂತ ಕಡಿಮೆ ಮಾರುವವರಿಗೆ ವಿನಾಯಿತಿಯಿದೆ. ಕಣ್ಣಿಗೆ ತಗಲುವ ಸಾಮಗ್ರಿಗೆ ಆ ವಿನಾಯಿತಿ ಇಲ್ಲ, ಕಾಡಿಗೆ ಬೇಡ ಅಂದಿದ್ದಕ್ಕೆ ಇದು ಇನ್ನೊಂದು ಕಾರಣ. ಆದರೆ ಮಾರಾಟದ ಸಾಮಗ್ರಿ ಬಳಸಿದವರಿಗೆ ತೊಂದರೆಯಾದರೆ ತಿಳಿಸಲು ಲೇಬಲ್ ಮೇಲೆ ಅಮೆರಿಕದ ವಿಳಾಸ ಅಥವಾ ಫೋನ್, ಇಲ್ಲವೇ ವೆಬ್‌ಸೈಟ್‌ನಂಥ ವಿದ್ಯುನ್ಮಾನ ಸಂಪರ್ಕ ಇರಲೇಬೇಕು.

ಇನ್ನು ಎಣ್ಣೆ ಸೋರಿದ್ದು ಏಕೆ ಎಂಬುದಕ್ಕೆ ಬರೋಣ. ವಿಮಾನದ ಸರಕು ಕೋಣೆಯಲ್ಲಿ ಗಾಳಿಯ ಒತ್ತಡ ನೆಲದ ಮೇಲಿನದರ ಮುಕ್ಕಾಲು ಭಾಗದಷ್ಟಿರುತ್ತದೆ. ಬಾಟಲಿಯ ಕುತ್ತಿಗೆಯಲ್ಲಿ ಸಿಕ್ಕಿಕೊಂಡ ಗಾಳಿ ಹಿಗ್ಗಿ ಎಣ್ಣೆಯನ್ನು ಮುಚ್ಚಳದ ಸಂದಿಗೆ ತಳ್ಳುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯಲ್ಲಿ ಗಟ್ಟಿಯಾಗಿ ಕುಗ್ಗುತ್ತದೆ, ಬಿಸಿಲಲ್ಲಿ ನಿಂತ ಲಾರಿಯಲ್ಲಿ ಮತ್ತೆ ಕರಗಿ ಹಿಗ್ಗುತ್ತದೆ. ಹೀಗೆ ಎರಡು-ಮೂರು ಸಲ ಆದರೆ ಒತ್ತಿ ತೆಗೆಯುವ ಫ್ಲಿಪ್ ಮುಚ್ಚಳ ಯಾವುದೂ ತಡೆಯುವುದಿಲ್ಲ. ಆದ್ದರಿಂದ ತಿರುಪಿನ ಮುಚ್ಚಳವೇ ಬೇಕು. ಅದರೊಳಗೆ ಬಾಯಿಗೆ ಅಂಟುವ ಅಲ್ಯೂಮಿನಿಯಂ ಇಂಡಕ್ಷನ್ ಸೀಲ್ ಇರಲಿ. ಕೈಯಲ್ಲಿ ಹಿಡಿದು ಹಾಕುವ ಸಣ್ಣ ಯಂತ್ರ ಸಿಗುತ್ತದೆ. ಸೀಲ್ ಕೊಳ್ಳುವಾಗ ನಿಮ್ಮ ಬಾಟಲಿ ಪೆಟ್ ಪ್ಲಾಸ್ಟಿಕ್ಕಿನದೋ ಎಚ್‌ಡಿಪಿಇ ಪ್ಲಾಸ್ಟಿಕ್ಕಿನದೋ ಹೇಳಿ ಕೊಳ್ಳಿ. ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ಅಂಟಿದಂತೆ ಕಂಡು ಬೆರಳಲ್ಲಿ ಎಬ್ಬಿದರೆ ಇಡಿಯಾಗಿ ಕಿತ್ತುಬರುತ್ತದೆ. ಸರಿಯಾಗಿ ಅಂಟಿದ್ದಾದರೆ ಹರಿಯುತ್ತದೆಯೇ ಹೊರತು ಕಿತ್ತುಬರುವುದಿಲ್ಲ.

ಎಣ್ಣೆಯನ್ನು ಬಿಸಿಯಿರುವಾಗ ತುಂಬಬೇಡಿ, ತಣಿದ ಮೇಲೆ ಬಾಟಲಿ ಒಳಕ್ಕೆ ಎಳೆದುಕೊಂಡು ಸೊಟ್ಟಗಾಗುತ್ತದೆ. ಕೈಗೆ ಬೆಚ್ಚಗೆನಿಸುವ ಹದದಲ್ಲಿ, ಕುತ್ತಿಗೆ ಶುರುವಾಗುವಷ್ಟಕ್ಕೆ ನಿಲ್ಲಿಸಿ. ಅದಕ್ಕೂ ಮೊದಲು ಎಣ್ಣೆಯಲ್ಲಿ ನೀರಿನಂಶ ಉಳಿದಿಲ್ಲ ಎಂದು ನೋಡಿಕೊಳ್ಳಬೇಕು. ಹಸಿ ದಾಸವಾಳ, ಕರಿಬೇವು ಹಾಕಿ ಕಾಯಿಸಿದ್ದು ಚಟಪಟ ಸದ್ದು ಪೂರ್ತಿ ನಿಂತಮೇಲೂ ಒಂದು ಹತ್ತಿಯ ಬತ್ತಿಯನ್ನು ಅದ್ದಿ ಹಚ್ಚಿ ನೋಡಿ. ಸದ್ದಿಲ್ಲದೆ ಉರಿದರೆ ಹದ ಬಂದಿದೆ, ಚಿಟಿಚಿಟಿ ಅಂದರೆ ನೀರಿದೆ. ನೀರು ಉಳಿದ ಎಣ್ಣೆ ಹದಿನೈದು-ಇಪ್ಪತ್ತು ದಿನದ ಪ್ರಯಾಣದಲ್ಲಿ ಮುಗ್ಗಲು ವಾಸನೆ ಹಿಡಿಯುತ್ತದೆ, ತಳದಲ್ಲಿ ಮೋಡದಂಥ ಕೆಸರು ಕೂರುತ್ತದೆ.

ಸೀಲ್ ಮಾಡಿದ ಬಾಟಲಿಗಳಲ್ಲಿ ಒಂದೆರಡನ್ನು ಆರಿಸಿ, ಬಿಸಿನೀರಿನ ಪಾತ್ರೆಯಲ್ಲಿ (ಕೈ ಅದ್ದಿದರೆ ಸ್ವಲ್ಪ ಹೊತ್ತು ತಡೆಯುವಷ್ಟು, ಸುಮಾರು 45 ಡಿಗ್ರಿ) ತಲೆಕೆಳಗಾಗಿ ಒಂದು ಗಂಟೆ ಇಡಿ. ಆಮೇಲೆ ಒರೆಸಿ, ಟಿಶ್ಯೂ ಕಾಗದದ ಮೇಲೆ ಒಂದು ರಾತ್ರಿ ಮಲಗಿಸಿಡಿ. ಬೆಳಿಗ್ಗೆ ಕಾಗದದ ಮೇಲೆ ಪಾರದರ್ಶಕ ಚುಕ್ಕೆ ಕಂಡರೆ ಆ ಮುಚ್ಚಳದ ಕಟ್ಟನ್ನೇ ಬದಲಿಸಿ. ಪಾಸಾದ ಬಾಟಲಿಗೆ ಮುಚ್ಚಳ ಬಿಗಿಯುವ ದಿಕ್ಕಿನಲ್ಲೇ ಟೇಪ್ ಸುತ್ತಿ. ಎದುರು ದಿಕ್ಕಿಗೆ ಸುತ್ತಿ ಎಳೆದರೆ ಟೇಪೇ ಮುಚ್ಚಳ ಸಡಿಲಿಸುತ್ತದೆ. ಪ್ರತಿ ಬಾಟಲಿ ತನ್ನದೇ ಜಿಪ್ ಕವರ್‌ನಲ್ಲಿ, ಮಡಚಿದ ಪತ್ರಿಕೆಯ ಹಾಳೆಯ ಜೊತೆ. ಎಣ್ಣೆ ಪೆಟ್ಟಿಗೆಯ ಒಂದು ಬದಿ, ಪುಡಿ ಇನ್ನೊಂದು ಬದಿ, ನಡುವೆ ರಟ್ಟು. ಐದು ಪದರದ ರಟ್ಟಿನ ಪೆಟ್ಟಿಗೆ ಮುಚ್ಚಿ ಅಲುಗಿಸಿದಾಗ ಒಳಗೆ ಸದ್ದು ಬರಬಾರದು.

ಎಣ್ಣೆಯ ಬಗ್ಗೆ ಕೊರಿಯರ್‌ನವರು ಎಂಎಸ್‌ಡಿಎಸ್ ಎಂಬ ಸುರಕ್ಷತಾ ಪತ್ರ ಕೇಳಬಹುದು. ಅವರ ಆತಂಕ ಬೆಂಕಿಯದು. ಬೆಂಕಿ ಹಿಡಿಯುವ ಉಷ್ಣತೆ 60 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರುವ ದ್ರವ ಅಪಾಯಕಾರಿ ಸರಕು. ಕೊಬ್ಬರಿ, ಎಳ್ಳೆಣ್ಣೆ ಅದಕ್ಕಿಂತ ಬಹಳ ಮೇಲಿವೆ. ನೀಲಗಿರಿ ಎಣ್ಣೆಯಂಥ ಸುಗಂಧ ತೈಲದ ಬಾಟಲಿಯನ್ನು, ಅತ್ತರನ್ನು ಈ ಬಾಕ್ಸಿಗೆ ಸೇರಿಸಬೇಡಿ. ಹೆಚ್ಚು ಕರ್ಪೂರ ಹಾಕಿದ ಎಣ್ಣೆಗೂ ಕೇಳಿಯೇ ಮುಂದುವರಿಯಿರಿ.

ಪುಡಿಗೆ ಶತ್ರು ಎರಡು, ತೇವ ಮತ್ತು ಹುಳ. ಕುಟ್ಟುವ ಮೊದಲು ಒಣಗಿದ ಸೀಗೆ, ಅಂಟುವಾಳವನ್ನು ಒಂದು ವಾರ ಡೀಪ್ ಫ್ರೀಜರಿನಲ್ಲಿಟ್ಟರೆ ಮೊಟ್ಟೆಗಳು ಸಾಯುತ್ತವೆ. ಹೊರತೆಗೆದ ತಕ್ಷಣ ಕವರ್ ಬಿಚ್ಚಬೇಡಿ, ಕೋಣೆಯ ಹದಕ್ಕೆ ಬರಲಿ, ಇಲ್ಲವಾದರೆ ಮಂಜಿನ ನೀರು ಅದರ ಮೇಲೆಯೇ ಕೂರುತ್ತದೆ. ಕುಟ್ಟಿದ ಪುಡಿಯನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಉಂಡೆಯಾಗಿ ನಿಂತರೆ ಇನ್ನೂ ಒಣಗಬೇಕು. ಒಳಗೆ ಅಲ್ಯೂಮಿನಿಯಂ ಪದರವಿರುವ ಪೌಚಿನಲ್ಲಿ ಗಾಳಿ ಒತ್ತಿ ತೆಗೆದು ಸೀಲ್ ಮಾಡಿ. ಪೌಚಿನ ಬಾಯಿಯಲ್ಲಿ ಪುಡಿಯ ಧೂಳು ಕೂತಿದ್ದರೆ ಸೀಲ್ ಮೇಲ್ನೋಟಕ್ಕೆ ಗಟ್ಟಿ ಕಾಣುತ್ತದೆ, ಹಾರಾಟದಲ್ಲಿ ಬಿಡುತ್ತದೆ. ಒಣ ಬಟ್ಟೆಯಿಂದ ಒರೆಸಿ, ಅರ್ಧ ಇಂಚು ಅಂತರದಲ್ಲಿ ಎರಡು ಸಾಲು ಹಾಕಿ. ಹೆಸರಿಲ್ಲದ ಪಾರದರ್ಶಕ ಕವರ್‌ನಲ್ಲಿ ಹಸಿರು ಪುಡಿ ಕಳಿಸಿದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ.

ಈಗ ಲೆಕ್ಕ. ನಾಲ್ಕು ಮನೆಗೆ ತಲಾ 200 ಮಿಲಿ ಎಣ್ಣೆ, 200 ಗ್ರಾಂ ಸೀಗೆಪುಡಿ, 200 ಗ್ರಾಂ ಸ್ನಾನದ ಪುಡಿ ಎಂದಿಟ್ಟುಕೊಳ್ಳೋಣ. 200 ಮಿಲಿ ಎಣ್ಣೆಯ ತೂಕ ಸುಮಾರು 184 ಗ್ರಾಂ, ಬಾಟಲಿ ಸೇರಿ 215. ಪೊಟ್ಟಣ ಒಂದಕ್ಕೆ 210. ಹನ್ನೆರಡೂ ಸೇರಿ 2,540 ಗ್ರಾಂ, ಪೆಟ್ಟಿಗೆ ಮತ್ತು ಒಳತುಂಬು 400 ಸೇರಿದರೆ 3 ಕಿಲೋಗೆ ಸ್ವಲ್ಪ ಕಡಿಮೆ. ಆದರೆ ಖಾಸಗಿ ಕೊರಿಯರ್‌ಗಳು ತಕ್ಕಡಿಯ ತೂಕವನ್ನಷ್ಟೇ ನೋಡುವುದಿಲ್ಲ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ, ಎರಡರಲ್ಲಿ ಹೆಚ್ಚಿರುವುದಕ್ಕೆ ದುಡ್ಡು. 30×25×20ರ ಪೆಟ್ಟಿಗೆಯಾದರೆ ಸರಿಯಾಗಿ 3 ಕಿಲೋ. ಮನೆಯಲ್ಲಿ ಸಿಕ್ಕಿದ 40×30×25ರ ಹಳೆ ಪೆಟ್ಟಿಗೆಯಲ್ಲಿ ಅದೇ ಸಾಮಾನು ಹಾಕಿದರೆ 6 ಕಿಲೋ. ಗಾಳಿಗೆ ಕಟ್ಟುವ ಬಾಡಿಗೆ ಅದು.

ಲೆಕ್ಕಕ್ಕೆಂದು ಕಿಲೋಗೆ ₹800 ಹಿಡಿಯೋಣ (ನಿಮಗೆ ಸಿಗುವ ದರವನ್ನು ಆ ಜಾಗಕ್ಕೆ ಹಾಕಿಕೊಳ್ಳಿ). 3 ಕಿಲೋಗೆ ₹2,400, ಅದರ ಮೇಲೆ 18% ಜಿಎಸ್‌ಟಿ, ಒಟ್ಟು ₹2,832. ಹನ್ನೆರಡು ವಸ್ತುಗಳಿಗೆ ಹಂಚಿದರೆ ಒಂದೊಂದಕ್ಕೂ ₹236 ಬಾಡಿಗೆಯೇ ಬಿತ್ತು. ₹120ರ ಪುಡಿಗೆ ₹236! ಇಲ್ಲೊಂದು ಬದಲಾವಣೆ ಮಾಡಿ. ಸ್ನಾನದ ಪುಡಿಯ 200 ಗ್ರಾಂನಲ್ಲಿ 150 ಗ್ರಾಂ ಕಡಲೆಹಿಟ್ಟೇ ಇದ್ದರೆ, ಆ ಕಡಲೆಹಿಟ್ಟು ನ್ಯೂಜೆರ್ಸಿಯ ಇಂಡಿಯನ್ ಸ್ಟೋರುಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಕಚೋರ, ಗುಲಾಬಿ ದಳ, ಲಾವಂಚದ ಪುಡಿ ಮಾತ್ರ 50 ಗ್ರಾಂ ಪೊಟ್ಟಣ ಮಾಡಿ, ‘ಇದರ ಒಂದು ಚಮಚಕ್ಕೆ ಮೂರು ಚಮಚ ಕಡಲೆಹಿಟ್ಟು’ ಎಂದು ಬರೆಯಿರಿ. 600 ಗ್ರಾಂ ಇಳಿಯಿತು, ಹುಳದ ಭಯ ಕಡಿಮೆಯಾಯಿತು, ‘ಹಿಟ್ಟು’ ಎಂಬ ಪದವೂ ಫಾರಂನಿಂದ ಹೋಯಿತು. ಅರಿಶಿನವನ್ನೂ ಅವರೇ ಅಲ್ಲಿ ಬೆರೆಸಿಕೊಳ್ಳಲಿ.

ಈಗ ಪೆಟ್ಟಿಗೆ 30×22×18 ಸಾಕು, ತೂಕ 2.5 ಕಿಲೋದ ಒಳಗೆ. ಬಾಡಿಗೆ ಜಿಎಸ್‌ಟಿ ಸೇರಿ ₹2,360. ಎಣ್ಣೆ ತಲಾ ₹250, ಸೀಗೆ ₹120, ಮಿಶ್ರಣ ₹90 ಎಂದರೆ ಸಾಮಾನಿನ ಬೆಲೆ ₹1,840. ಪ್ಯಾಕಿಂಗ್ ₹150. ಒಟ್ಟು ₹4,350, ಮನೆಗೆ ಸುಮಾರು ₹1,090. ಸುಂಕ 50% ಇದ್ದ ದಿನ ಬುಕ್ ಮಾಡಿದ್ದರೆ ₹920 ಸೇರಿ ಮನೆಗೆ ಸುಮಾರು ₹1,320. ಅಮೆರಿಕ ಸುಂಕ ಹಾಕುವುದು ಸಾಮಾನಿನ ಬೆಲೆಯ ಮೇಲೆ, ವಿಮಾನದ ಬಾಡಿಗೆಯ ಮೇಲಲ್ಲ. ಹಾಗಾಗಿ ಇನ್‌ವಾಯ್ಸಿನಲ್ಲಿ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸಿ, ಒಟ್ಟುಗೂಡಿಸಿ ಬರೆದರೆ ಬಾಡಿಗೆಗೂ ಸುಂಕ ಬೀಳುತ್ತದೆ. ಕೊರಿಯರ್‌ನಲ್ಲಿ ಸುಂಕವನ್ನು ಯಾರು ಕಟ್ಟುವುದೆಂದು ಮೊದಲೇ ಕೇಳಿ. ಅವರು ಮುಂಗಡ ಕಟ್ಟಿ ಆಮೇಲೆ ಮನೆ ಬಾಗಿಲಲ್ಲಿ ವಸೂಲಿ ಮಾಡಿದರೆ ಅದರ ಮೇಲೆ ಸೇವಾ ಶುಲ್ಕವೂ ಬರುತ್ತದೆ. ಇಷ್ಟು ಸಣ್ಣ ಬಾಕ್ಸಿಗೆ ಆ ಶುಲ್ಕ ಸುಂಕಕ್ಕಿಂತ ಹೆಚ್ಚಾಗುವುದುಂಟು.

ಗೆಳತಿಯರ ಪೈಕಿ ಯಾರಾದರೂ ಲಂಡನ್ನಿಗೆ ಹೋದರೆ ಇದೇ ಬಾಕ್ಸ್ ನಡೆಯುವುದಿಲ್ಲ. ಬ್ರಿಟನ್‌ನಲ್ಲಿ 39 ಪೌಂಡ್ ಒಳಗಿನ ಉಡುಗೊರೆಗೆ ತೆರಿಗೆಯಿಲ್ಲ. ಆದರೆ ಮಾರುವುದಾದರೆ ಪ್ರತಿ ಉತ್ಪನ್ನಕ್ಕೂ ಅರ್ಹ ತಜ್ಞರ ಸುರಕ್ಷತಾ ವರದಿ ಮತ್ತು ಬ್ರಿಟನ್ನಿನಲ್ಲೇ ನೆಲೆಸಿದ ಒಬ್ಬ ಜವಾಬ್ದಾರ ವ್ಯಕ್ತಿ ಬೇಕು. ನಾಲ್ಕು ಬಾಟಲಿ ಎಣ್ಣೆಗೆ ಅದು ಗಿಟ್ಟುವುದಿಲ್ಲ. ಕೆನಡಾಕ್ಕೆ ಉಡುಗೊರೆಯ ಮಿತಿ 60 ಕೆನಡಿಯನ್ ಡಾಲರ್. ಆಸ್ಟ್ರೇಲಿಯಾದವರು ಸಸ್ಯಜನ್ಯ ಪದಾರ್ಥದಲ್ಲಿ ಬಹಳ ಕಟ್ಟುನಿಟ್ಟು. ಅಲ್ಲಿಗೆ ಎಣ್ಣೆಯನ್ನು ಮಾತ್ರ ಕಳಿಸಿ, ಪುಡಿಗಳನ್ನು ಬಿಡಿ.

ಬುಕ್ ಮಾಡಿದ ದಿನವೇ ಪೆಟ್ಟಿಗೆಯ ಒಳಗಿನ, ಹೊರಗಿನ ಫೋಟೊ, ಲೇಬಲ್‌ಗಳ ಫೋಟೊ ಮತ್ತು ಇನ್‌ವಾಯ್ಸ್ ನಾದಿನಿಗೆ ಕಳಿಸಿಡಿ. ಕಸ್ಟಮ್ಸ್ ಅಥವಾ ಎಫ್‌ಡಿಎಯಿಂದ ವಿವರ ಕೇಳಿ ಪತ್ರ ಬಂದರೆ ಅದು ಬರುವುದು ಅವರ ವಿಳಾಸಕ್ಕೆ ಅಥವಾ ಇಮೇಲಿಗೆ, ನಿಮಗಲ್ಲ. ಆ ಪತ್ರದಲ್ಲಿ ಉತ್ತರ ಕೊಡಲು ಕೊನೆಯ ದಿನಾಂಕ ಇರುತ್ತದೆ. ಅದರೊಳಗೆ ಪದಾರ್ಥಗಳ ಪಟ್ಟಿ, ‘ಹೊರಗೆ ಹಚ್ಚಲು ಮಾತ್ರ’ ಎಂಬ ವಿವರಣೆ ಮತ್ತು ಲೇಬಲ್ ಫೋಟೊ ಹೋಗಬೇಕು. ಉತ್ತರವೇ ಹೋಗದಿದ್ದರೆ ಬಾಕ್ಸನ್ನು ವಾಪಸ್ ಕಳಿಸುತ್ತಾರೆ, ಇಲ್ಲವೇ ನಾಶ ಮಾಡುತ್ತಾರೆ. ವಾಪಸ್ ಬರುವ ಬಾಡಿಗೆಯನ್ನು ನಿಮ್ಮಿಂದಲೇ ಕೇಳುವುದೂ ಉಂಟು. ಹಾಗಾಗಿ ಸಿಕ್ಕಿಬಿದ್ದರೆ ‘ವಾಪಸ್ ಬೇಡ, ಅಲ್ಲೇ ಬಿಟ್ಟುಬಿಡಿ’ ಎಂಬ ಆಯ್ಕೆಗೆ ಫಾರಂನಲ್ಲಿ ಮೊದಲೇ ಗುರುತು ಹಾಕಿ.